ನುಗ್ಗೆ ಸೊಪ್ಪಲ್ಲಿ ಪಾಲಕ್‌ಗಿಂತ 25 ಪಟ್ಟು ಐರನ್ ಅಂತಾರಲ್ಲ, ಆ 25 ಬಂದಿದ್ದೆಲ್ಲಿಂದ?

ಕಿತ್ತಳೆಗಿಂತ 7 ಪಟ್ಟು ವಿಟಮಿನ್ ಸಿ, ಹಾಲಿಗಿಂತ 4 ಪಟ್ಟು ಕ್ಯಾಲ್ಸಿಯಂ, ಕ್ಯಾರೆಟ್‌ಗಿಂತ 4 ಪಟ್ಟು ವಿಟಮಿನ್ ಎ, ಪಾಲಕ್‌ಗಿಂತ 25 ಪಟ್ಟು ಐರನ್. ನುಗ್ಗೆ ಸೊಪ್ಪಿನ ಬಗ್ಗೆ ಈ ಸಾಲನ್ನ ನೀವು ಒಂದಲ್ಲ ಒಂದು ಕಡೆ ಓದೇ ಇರ್ತೀರಿ, ಪೌಡರ್ ಡಬ್ಬದ ಮೇಲೋ ವಾಟ್ಸಾಪ್ ಫಾರ್ವರ್ಡಲ್ಲೋ. ನಂಗೆ ಇದ್ರಲ್ಲಿ ಯಾವಾಗ್ಲೂ ಅಡ್ಡ ಬರ್ತಿದ್ದಿದ್ದು ಆ 25. ಉಳಿದವೆಲ್ಲ ನಾಲ್ಕೋ ಏಳೋ ಇರುವಾಗ ಇದೊಂದು ಯಾಕೆ ಇಷ್ಟು ದೊಡ್ಡದು ಅಂತ ಹುಡುಕ್ತಾ ಹೋದೆ, ಕಥೆ ಸಿಕ್ತು.

ಈ ಪಟ್ಟಿ ಜಗತ್ತಿಗೆ ಹಬ್ಬಿದ್ದು 1990ರ ದಶಕದ ಕೊನೇಲಿ, ಸೆನೆಗಲ್ ದೇಶದಿಂದ. ಅಲ್ಲಿ ಚರ್ಚ್ ವರ್ಲ್ಡ್ ಸರ್ವೀಸ್ ಅನ್ನೋ ನೆರವು ಸಂಸ್ಥೆಲಿ ಕೆಲಸ ಮಾಡ್ತಿದ್ದ ಲೋವೆಲ್ ಫುಗ್ಲೀ ಅನ್ನೋರು, ಪೌಷ್ಟಿಕತೆ ಕಮ್ಮಿ ಇರೋ ಮಕ್ಕಳಿಗೆ, ಬಸುರಿ ಹೆಂಗಸರಿಗೆ ನುಗ್ಗೆ ಎಲೆ ಪೌಡರ್ ಕೊಡೋ ಪ್ರಯತ್ನ ಮಾಡಿದ್ರು, 1999ರಲ್ಲಿ ಅದರ ಬಗ್ಗೆ ಪುಸ್ತಕಾನೂ ತಂದ್ರು. ಉದ್ದೇಶ ಒಳ್ಳೇದೇ, ಬೇಸಿಗೇಲೂ ಹಸಿರಾಗಿ ನಿಲ್ಲೋ ಮರ, ಬೇರೆ ಸೊಪ್ಪು ಸಿಗದ ಕಾಲದಲ್ಲಿ ಎಲೆ ಕೊಡತ್ತೆ. ಆದ್ರೆ ಹಸಿ ಎಲೆಯ ಲೆಕ್ಕ ಅವರದ್ದಲ್ಲ, ಅದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೇ ಆಹಾರ ಕೋಷ್ಟಕದ್ದು. ಅದ್ರಲ್ಲಿ 100 ಗ್ರಾಂ ಹಸಿ ನುಗ್ಗೆ ಸೊಪ್ಪಿಗೆ ವಿಟಮಿನ್ ಸಿ 220 ಮಿಲಿಗ್ರಾಂ, ಕಿತ್ತಳೆಗೆ 30. ಭಾಗಿಸಿ ನೋಡಿ, ಏಳು ಬಂತು. ಕ್ಯಾಲ್ಸಿಯಂ 440, ಹಸುವಿನ ಹಾಲಿಗೆ 120, ಹತ್ತತ್ರ ನಾಲ್ಕು.

ಈಗ ಐರನ್‌ಗೆ ಬನ್ನಿ. ಅದೇ ಕೋಷ್ಟಕದ ತಿದ್ದಿದ ಲೆಕ್ಕದಲ್ಲಿ ಹಸಿ ನುಗ್ಗೆ ಸೊಪ್ಪಿಗೆ 0.85 ಮಿಲಿಗ್ರಾಂ, ಪಾಲಕ್‌ಗೆ 1.14. ಅಂದ್ರೆ ಹಸಿ ಸೊಪ್ಪಿಗೆ ಹಸಿ ಸೊಪ್ಪು ಇಟ್ಟು ನೋಡಿದ್ರೆ ನುಗ್ಗೆ ಪಾಲಕ್‌ನ ಮುಕ್ಕಾಲು ಭಾಗ ಅಷ್ಟೇ! ಮತ್ತೆ 25 ಎಲ್ಲಿಂದ ಬಂತು ಅಂದ್ರೆ, ಒಣಗಿಸಿದ ನುಗ್ಗೆ ಪೌಡರ್‌ಗೆ ಫುಗ್ಲೀ ಕೊಟ್ಟ ಲೆಕ್ಕ 100 ಗ್ರಾಂಗೆ 28.2 ಮಿಲಿಗ್ರಾಂ, ಅದನ್ನ ಹಸಿ ಪಾಲಕ್‌ನ 1.14ರಿಂದ ಭಾಗಿಸಿದ್ರೆ 24.7 ಬರತ್ತೆ, ಅಲ್ಲಿಗೆ 25 ಪಟ್ಟು ರೆಡಿ. ಒಂದು ಕಡೆ ನೀರೆಲ್ಲ ತೆಗೆದ ಎಲೆ, ಇನ್ನೊಂದು ಕಡೆ 90 ಭಾಗಕ್ಕಿಂತ ಹೆಚ್ಚು ನೀರೇ ಇರೋ ಸೊಪ್ಪು. ಒಣದ್ರಾಕ್ಷಿ ತೂಕಾನ ಹಸಿ ದ್ರಾಕ್ಷಿ ತೂಕಕ್ಕೆ ಇಟ್ಟು ಸಿಹಿ ಯಾವುದ್ರಲ್ಲಿ ಜಾಸ್ತಿ ಅಂತ ಕೇಳಿದ ಹಾಗೆ.

ಇನ್ನೊಂದು ತೊಡಕೂ ಇದೆ. ಹಸಿ ನುಗ್ಗೆ ಎಲೆಯಲ್ಲಿ ಮುಕ್ಕಾಲು ಭಾಗ ನೀರು, ಪೂರ್ತಿ ಒಣಗಿಸಿದ್ರೆ 100 ಗ್ರಾಂ ಎಲೆ ಸುಮಾರು 24 ಗ್ರಾಂ ಆಗತ್ತೆ, ಅಂದ್ರೆ ಯಾವ ಅಂಶ ಆದ್ರೂ ಸುಮಾರು ನಾಲ್ಕು ಪಟ್ಟು ದಟ್ಟ ಆಗ್ಬೋದು, ಅದಕ್ಕಿಂತ ಜಾಸ್ತಿ ಆಗೋಕೆ ದಾರಿ ಇಲ್ಲ. 0.85ಕ್ಕೆ ನಾಲ್ಕು ಪಟ್ಟು ಅಂದ್ರೆ ಮೂರೂವರೆ ಮಿಲಿಗ್ರಾಂ, 28 ಹೇಗಾಯ್ತು? ಎರಡು ಲೆಕ್ಕ ಒಂದೇ ಎಲೆಯದ್ದಲ್ಲ, ಎರಡು ಲ್ಯಾಬು, ಎರಡು ವಿಧಾನ. ಅದ್ರ ಮೇಲೆ ಸೊಪ್ಪಿನ ಐರನ್ ಅಳೆಯೋದು ತುಂಬಾ ಸೂಕ್ಷ್ಮದ ಕೆಲಸ, ಎಲೆಗೆ ಅಂಟಿದ ಮಣ್ಣು ಧೂಳು ಸ್ವಲ್ಪ ಉಳಿದ್ರೂ ನಂಬರ್ ಏರಿಬಿಡತ್ತೆ, ಪೌಡರ್ ಮಾಡುವಾಗ ಗ್ರೈಂಡರ್‌ನ ಬ್ಲೇಡ್ ಸವೆದ್ರೂ ಅಷ್ಟೇ. ಹಾಗಾಗಿ ಯಾವುದಾದ್ರೂ ಒಣ ಸೊಪ್ಪಿನ ಲೆಕ್ಕ ಹಸಿಯದಕ್ಕಿಂತ ಏಳೆಂಟು ಪಟ್ಟು ಜಾಸ್ತಿ ಕಂಡ್ರೆ ಒಂದ್ಸಲ ನಿಂತು ನೋಡಿ, ಬರೀ ನೀರು ಹೋಗಿದ್ದಕ್ಕೆ ಅಷ್ಟಾಗಲ್ಲ.

ಸರಿ, ಈಗಿನ ಲೆಕ್ಕ ಏನ್ ಹೇಳತ್ತೆ? ಅದೇ ಹೈದರಾಬಾದ್ ಸಂಸ್ಥೆ 2017ರಲ್ಲಿ ಹೊಸ ಕೋಷ್ಟಕ ಹೊರಗೆ ತಂತು, ಅದ್ರಲ್ಲಿ 100 ಗ್ರಾಂ ಹಸಿ ನುಗ್ಗೆ ಸೊಪ್ಪಿಗೆ ಐರನ್ 4.56 ಮಿಲಿಗ್ರಾಂ, ಪಾಲಕ್‌ಗೆ 2.95, ಹಸಿರು ದಂಟಿನ ಸೊಪ್ಪಿಗೆ 4.64. ಅಮೆರಿಕದ ಕೃಷಿ ಇಲಾಖೆ ಲೆಕ್ಕದಲ್ಲಿ ನುಗ್ಗೆ 4, ಪಾಲಕ್ 2.71. ಅಂದ್ರೆ ಹಸಿಗೆ ಹಸಿ ಇಟ್ಟಾಗ ನುಗ್ಗೆ ಒಂದೂವರೆ ಪಟ್ಟು ಮುಂದೆ, ದಂಟು ಅದಕ್ಕೆ ಸಮ. ಇನ್ನು ಒಣಗಿದ್ದಕ್ಕೆ ಒಣಗಿದ್ದೇ ಇಟ್ರೆ, ಇದು ನಂಗೆ ನಿಜವಾಗ್ಲೂ ಆಶ್ಚರ್ಯ ತಂದಿದ್ದು, ಎರಡೂ ಕೋಷ್ಟಕದ ಪ್ರಕಾರ 100 ಗ್ರಾಂ ಒಣ ನುಗ್ಗೆಗೆ ಸುಮಾರು 19 ಮಿಲಿಗ್ರಾಂ ಐರನ್ ಬರತ್ತೆ, ಒಣ ಪಾಲಕ್‌ಗೆ 30ರ ಮೇಲೆ. ಪಾಲಕ್‌ನಲ್ಲಿ ಅಷ್ಟೊಂದು ನೀರಿದೆ, ಅದನ್ನೂ ಪೌಡರ್ ಮಾಡಿದ್ರೆ ಐರನ್‌ನಲ್ಲಿ ನುಗ್ಗೆನ ಹಿಂದೆ ಹಾಕತ್ತೆ. ಹಸಿ ನುಗ್ಗೆ ಮುಂದಿರೋದಕ್ಕೆ ದೊಡ್ಡ ಕಾರಣ ಅದ್ರಲ್ಲಿ ನೀರು ಕಮ್ಮಿ ಇರೋದು, ಅಷ್ಟೇ.

ಡಬ್ಬದ ಮೇಲಿನ ಲೆಕ್ಕ 100 ಗ್ರಾಂ ಪೌಡರ್‌ಗೆ ಇರತ್ತೆ, ಆದ್ರೆ 100 ಗ್ರಾಂ ಪೌಡರ್ ಯಾರೂ ತಿನ್ನಲ್ಲ. ಒಂದು ದೊಡ್ಡ ಚಮಚ ತುಂಬಾ ತಗೊಂಡ್ರೆ ಸುಮಾರು 8 ಗ್ರಾಂ. ಆ ದೊಡ್ಡ 28.2ನೇ ಒಪ್ಕೊಂಡ್ರೂ 8 ಗ್ರಾಂಗೆ ಬರೋದು ಎರಡೂಕಾಲು ಮಿಲಿಗ್ರಾಂ ಐರನ್, 100 ಗ್ರಾಂ ಪಾಲಕ್ ಬೇಯಿಸಿ ತಿಂದ್ರೆ ಅದಕ್ಕಿಂತ ಜಾಸ್ತಿನೇ ಸಿಗತ್ತೆ. ಹಸಿ ನುಗ್ಗೆ ಎಲೆ ವಿಷಯದಲ್ಲೂ ತೂಕ ನೆನಪಿರ್ಲಿ, ಕಡ್ಡಿ ತೆಗೆದು ಹೆಚ್ಚಿದ ಎಲೆ ಒಂದು ಕಪ್ ಅಂದ್ರೆ ಬರೀ 21 ಗ್ರಾಂ ಆಗತ್ತೆ, 100 ಗ್ರಾಂ ಬೇಕಂದ್ರೆ ಹತ್ತತ್ರ ಐದು ಕಪ್ ಬಿಡಿಸ್ಬೇಕು. ಒಂದೊಂದೇ ಕಡ್ಡಿ ಹಿಡಿದು ಬಿಡಿಸಿದವರಿಗೆ ಗೊತ್ತಿರತ್ತೆ ಅದೆಷ್ಟು ಹೊತ್ತು ಅಂತ.

ಹಾಗಂತ ನುಗ್ಗೆಯ ಹೆಸರೆಲ್ಲ ಸುಳ್ಳಲ್ಲ, ಅದು ನಿಜವಾಗ್ಲೂ ಗೆಲ್ಲೋದು ಕ್ಯಾಲ್ಸಿಯಂನಲ್ಲಿ, ಅದೂ ಪಾಲಕ್ ಎದುರಿಗೆ. 2017ರ ಕೋಷ್ಟಕದಲ್ಲಿ ನುಗ್ಗೆ 314, ಪಾಲಕ್ 82, ದಂಟು 330 ಮಿಲಿಗ್ರಾಂ. ಆದ್ರೆ ಇಲ್ಲಿ ಅಸಲಿ ವಿಷಯ ಆಕ್ಸಲೇಟ್. ಪಾಲಕ್‌ನಲ್ಲಿ ಆಕ್ಸಲೇಟ್ ತುಂಬಾ ಇದೆ, ಅದು ಕ್ಯಾಲ್ಸಿಯಂನ ಹಿಡ್ಕೊಂಡು ಬಿಡಲ್ಲ, ಹಾಗಾಗಿ ಪಾಲಕ್‌ನ ಕ್ಯಾಲ್ಸಿಯಂನಲ್ಲಿ ಮೈಗೆ ಹತ್ತೋದು ಸುಮಾರು ಶೇಕಡ 5, ಹಾಲಿನದ್ದು ಶೇಕಡ 30ರ ಆಸುಪಾಸು. ದಂಟಿನಲ್ಲೂ ಆಕ್ಸಲೇಟ್ ಜಾಸ್ತಿ, ಅದಕ್ಕೆ ಅದರ 330ನ್ನ ಹಾಗೇ ನಂಬೋಕಾಗಲ್ಲ. ನುಗ್ಗೆಯಲ್ಲಿ ಆಕ್ಸಲೇಟ್ ಪಾಲಕ್‌ಗಿಂತ ಎಷ್ಟೋ ಕಮ್ಮಿ ಇದೆ.

ವಿಟಮಿನ್ ಸಿ ಕಥೆ ಬೇರೆ. ಹಳೇ 220, ಹೊಸ ಕೋಷ್ಟಕದಲ್ಲಿ 108ಕ್ಕೆ ಇಳಿದಿದೆ, ಅಮೆರಿಕದ ಲೆಕ್ಕದಲ್ಲಿ 51.7, ಅದು ಅದೇ ಅಮೆರಿಕದ ಲೆಕ್ಕದ ಕಿತ್ತಳೆಗೆ ಹತ್ತತ್ರ ಸಮ, ಏಳು ಪಟ್ಟು ಅಲ್ಲ. ಬೇಯಿಸಿದ್ರೆ ಇನ್ನೂ ಇಳಿಯತ್ತೆ, ಒಣಗಿಸಿದ ಪೌಡರ್‌ನಲ್ಲಿ ಫುಗ್ಲೀ ಪಟ್ಟಿಯೇ 17 ಅಂತ ಹೇಳತ್ತೆ. ಇನ್ನು ಯಾವ ಪೋಸ್ಟರಲ್ಲೂ ಕಾಣದ ಒಂದು ಅಂಶ ಅಂದ್ರೆ ಫೋಲೇಟ್, ಬಸುರಿ ಹೆಂಗಸರಿಗೆ ಅದು ತುಂಬಾ ಮುಖ್ಯ. ಅಮೆರಿಕದ ಕೋಷ್ಟಕದಲ್ಲಿ 100 ಗ್ರಾಂ ಹಸಿ ಪಾಲಕ್‌ಗೆ 194 ಮೈಕ್ರೋಗ್ರಾಂ, ನುಗ್ಗೆ ಸೊಪ್ಪಿಗೆ 40.