ಹೀಟರ್‌ಗೆ ಕೊಟ್ಟ ರಿಲೇ ಔಟ್‌ಪುಟ್ ಪದೇ ಪದೇ ಯಾಕೆ ಹೋಗುತ್ತದೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಬೆಲ್ಲದ ಪುಡಿ ಪ್ಯಾಕ್ ಮಾಡುವ ಸಣ್ಣ ಘಟಕ. ಮೆಷಿನ್‌ನ ಪಿಎಲ್‌ಸಿಯಲ್ಲಿ ಎಲ್ಲಾ ರಿಲೇ ಔಟ್‌ಪುಟ್. ಸೀಲಿಂಗ್ ಹೀಟರ್‌ನ ಔಟ್‌ಪುಟ್ ಮಾತ್ರ ಎರಡು ಮೂರು ವಾರಕ್ಕೆ ಕೈಕೊಡುತ್ತದೆ. ಹೀಟರ್ 300 ವ್ಯಾಟ್, ರಿಲೇ 2 ಆಂಪಿಯರ್‌ದು. ಟ್ರಾನ್ಸಿಸ್ಟರ್ ಹಾಕಲಾ, ಟ್ರಯಾಕ್ ಹಾಕಲಾ?

ಉತ್ತರ: ಕರೆಂಟ್ ಲೆಕ್ಕ ಸರಿಯಾಗಿಯೇ ಇದೆ. 230 ವೋಲ್ಟ್‌ಗೆ 300 ವ್ಯಾಟ್ ಅಂದರೆ 1.3 ಆಂಪಿಯರ್. ಆದರೆ ದಿನಕ್ಕೆ ಎಷ್ಟು ಸಲ ಆನ್ ಆಗುತ್ತದೆ ಅಂತ ಎಣಿಸಿದ್ದೀರಾ?

ಬಿಸಿ ಒಂದೇ ಸಮ ಇರಲಿ ಅಂತ ಪಿಎಲ್‌ಸಿ 2 ಸೆಕೆಂಡಿಗೊಮ್ಮೆ ಹೀಟರ್ ಹಾಕಿ ತೆಗೆಯುತ್ತಿದೆ ಅಂದುಕೊಳ್ಳಿ. ಗಂಟೆಗೆ 1,800 ಸಲ. 8 ಗಂಟೆಯ ಪಾಳಿಗೆ 14,400. ಇಂಥ ಸಣ್ಣ ರಿಲೇ ಪೂರ್ತಿ ಲೋಡ್‌ನಲ್ಲಿ ಬಾಳುವುದು ಸುಮಾರು 1 ಲಕ್ಷ ಸಲ. ಅಂದರೆ ಏಳೇ ದಿನ! ನಿಮ್ಮದು ಲೋಡ್ ಕಡಿಮೆ, ಅದಕ್ಕೇ ಇನ್ನೊಂದೆರಡು ವಾರ ಜಾಸ್ತಿ ಬಂದಿದೆ.

ಔಟ್‌ಪುಟ್ ದೀಪ ಹತ್ತಿ, ಟಿಕ್ ಅಂದರೂ ಹೀಟರ್ ತಣ್ಣಗಿದ್ದರೆ ಕಾಂಟ್ಯಾಕ್ಟ್ ಸುಟ್ಟಿರಬಹುದು. ಆಗ ಮೀಟರನ್ನು ಕಾಂಟ್ಯಾಕ್ಟ್‌ನ ಎರಡು ತುದಿಗೆ ಇಟ್ಟರೆ 230 ವೋಲ್ಟ್ ತೋರಿಸುತ್ತದೆ. ದೀಪ ಆರಿದರೂ ಹೀಟರ್ ಕಾಯುತ್ತಲೇ ಇದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ.

ಹಾಗಾಗಿ ನಾನಾದರೆ ಟ್ರಾನ್ಸಿಸ್ಟರ್ ಔಟ್‌ಪುಟ್ ತಗೊಳ್ಳುತ್ತೇನೆ. ಅದರಲ್ಲಿ ಸವೆಯುವ ಕಾಂಟ್ಯಾಕ್ಟೇ ಇಲ್ಲ. ಆದರೆ ಅದು 24 ವೋಲ್ಟ್ ಡಿಸಿಗೆ, ಸಾಮಾನ್ಯವಾಗಿ ಅರ್ಧ ಆಂಪಿಯರ್‌ವರೆಗೆ ಮಾತ್ರ. ಹೀಟರ್ ನೇರ ಕೊಡುವ ಹಾಗಿಲ್ಲ, ನಡುವೆ ಎಸ್‌ಎಸ್‌ಆರ್, ಅಂದರೆ ಕಾಂಟ್ಯಾಕ್ಟ್ ಇಲ್ಲದ ಸಾಲಿಡ್ ಸ್ಟೇಟ್ ರಿಲೇ, ಹಾಕಬೇಕು.

ಪೌಚ್ ಕತ್ತರಿಸುವ ಸೊಲೆನಾಯ್ಡ್ ನಿಮಿಷಕ್ಕೆ 40 ಸಲ ಬಡಿದರೆ ಅದಕ್ಕೂ ಟ್ರಾನ್ಸಿಸ್ಟರೇ ಸರಿ. 24 ವೋಲ್ಟ್, 5 ವ್ಯಾಟ್ ಕಾಯಿಲ್ ಎಳೆಯುವುದು ಬರೀ 0.2 ಆಂಪಿಯರ್. ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, ಬೆಳ್ಳಿ ಗೆರೆ ಪ್ಲಸ್ ಕಡೆಗೆ ಇರಲಿ. ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ಟ್ರಾನ್ಸಿಸ್ಟರನ್ನೇ ಹೊಡೆದುಬಿಡಬಹುದು.

ಮೋಟಾರ್ ಕಾಂಟ್ಯಾಕ್ಟರ್‌ಗೆ ರಿಲೇನೇ ಇರಲಿ. ದಿನಕ್ಕೆ 10 ಸಲ ಆನ್ ಆದರೆ 1 ಲಕ್ಷ ಮುಗಿಯಲು 27 ವರ್ಷ ಬೇಕು. 230 ವೋಲ್ಟ್ ಕಾಯಿಲ್‌ಗೆ ಅಡ್ಡಲಾಗಿ ಆರ್‌ಸಿ ಸ್ನಬರ್ ಇದ್ದರೆ ಕಿಡಿಯೂ ಕಡಿಮೆ. ಹೊಸ ಪಿಎಲ್‌ಸಿ ಪೂರ್ತಿ ಟ್ರಾನ್ಸಿಸ್ಟರ್ ಆದರೆ ನಡುವೆ ಒಂದು 24 ವೋಲ್ಟ್ ರಿಲೇ ಕೂರಿಸಿ.

ಟ್ರಯಾಕ್ ಕೆಲಸ ಮಾಡುವುದು ಎಸಿಗೆ ಮಾತ್ರ. ಎಸಿ ಸೊಲೆನಾಯ್ಡ್ ಪದೇ ಪದೇ ಬಡಿಯುವ ಕಡೆ ಅದು ಒಳ್ಳೆಯದು. ಆಫ್ ಇದ್ದಾಗಲೂ ಒಂದೆರಡು ಮಿಲಿಆಂಪಿಯರ್ ಸೋರುತ್ತದೆ. ಅಷ್ಟಕ್ಕೇ ಸಣ್ಣ ರಿಲೇ ಬಿಡದೆ ಹಿಡಿದುಕೊಂಡು ಕೂರುವುದುಂಟು. ನಿಮ್ಮ ಮೆಷಿನ್‌ಗೆ ಅದು ಬೇಡ.

ಒಂದು ವಿಷಯ ಮಾತ್ರ ಮರೆಯಬೇಡಿ. ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಾಗಿ ಆನ್ ಆಗಿಯೇ ನಿಂತುಬಿಡುತ್ತದೆ. ಅದಕ್ಕೇ ಹೀಟರ್ ಲೈನ್‌ನಲ್ಲಿ ಒಂದು ಕಾಂಟ್ಯಾಕ್ಟರ್ ಇಡಿ. ಪಿಎಲ್‌ಸಿಗೆ ಸಂಬಂಧವಿಲ್ಲದ ಬೇರೆ ಥರ್ಮೋಸ್ಟಾಟ್ ಅದರ ಕಾಯಿಲ್ ಕತ್ತರಿಸುವಂತಿರಲಿ.