ಹಸಿರು ಫುಡ್ ಕಲರ್‌ನಲ್ಲಿ ಎಷ್ಟು ಬಣ್ಣ? ನಡುವಿನ ಪಟ್ಟಿಯನ್ನು ಓದುವುದು ಹೇಗೆ

ತುಮಕೂರಿನ ಮಂಡಿಪೇಟೆಯಿಂದ ತಂದ ಹಸಿರು ಫುಡ್ ಕಲರ್ ಸೀಸೆ ನಮ್ಮ ಅಡುಗೆಮನೆಯಲ್ಲಿತ್ತು. ನೀರು ಪೇಪರ್ ಮೇಲೆ ಏರುವಾಗ ಬೆರೆತ ಬಣ್ಣಗಳನ್ನು ಬೇರೆಬೇರೆ ಮಾಡುವ ಪೇಪರ್ ಕ್ರೊಮ್ಯಾಟೋಗ್ರಫಿಯ ಪಾಠ ಬಂದಾಗ ಅದನ್ನೇ ತೆಗೆದುಕೊಂಡೆ. ಮೊದಲ ಸಲ ಮೂರು ಪಟ್ಟಿ ಬಂತು. ಮೇಲೆ ನೀಲಿ, ಕೆಳಗೆ ಹಳದಿ, ನಡುವೆ ಹಸಿರು. ಹಾಗಾದರೆ ಮೂರು ಬಣ್ಣ ಇವೆಯಾ? ಇದನ್ನೇ ನೋಡೋಣ.

ಫಿಲ್ಟರ್ ಪೇಪರ್‌ನ ಉದ್ದನೆಯ ತುಂಡಿಗೆ, ಕೆಳಗಿನಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪೆನ್ ಬೇಡ, ಅದರ ಶಾಯಿಯೂ ನೀರಿನ ಜೊತೆ ಏರಿಬಿಡುತ್ತದೆ. ಬೆಂಕಿಕಡ್ಡಿ ತುದಿಯಿಂದ ಗೆರೆಯ ಮೇಲೆ ಒಂದು ಚುಕ್ಕೆ ಇಟ್ಟು ಒಣಗಿಸಿ. ಒಂದು ಲೀಟರ್ ನೀರಿಗೆ 1 ಗ್ರಾಂ ಉಪ್ಪು ಕರಗಿಸಿ, ಲೋಟದಲ್ಲಿ 1 ಸೆಂ.ಮೀ. ಎತ್ತರಕ್ಕೆ ಹಾಕಿ, ಪೇಪರ್‌ನ ಕೆಳತುದಿ ಅದರಲ್ಲಿ ಅದ್ದುವಂತೆ ನೆಟ್ಟಗೆ ನಿಲ್ಲಿಸಿ. ನೀರು ಗೆರೆಗಿಂತ ಕೆಳಗೇ ಇರಬೇಕು. ಗೆರೆ ಮುಳುಗಿದರೆ ಬಣ್ಣ ಮೇಲೇರುವ ಬದಲು ಲೋಟದ ನೀರಿಗೇ ಇಳಿದುಬಿಡುತ್ತದೆ. ಲೋಟದ ಬಾಯಿಯನ್ನು ತಟ್ಟೆಯಿಂದ ಮುಚ್ಚಿ. ನೀರು ಪೇಪರ್‌ನ ತುದಿ ಮುಟ್ಟುವ ಮೊದಲೇ ಹೊರತೆಗೆದು, ನೀರು ಎಲ್ಲಿವರೆಗೆ ಏರಿದೆ ಎಂದು ಆಗಲೇ ಪೆನ್ಸಿಲ್‌ನಿಂದ ಗುರುತು ಹಾಕಿ. ಒಣಗಿದ ಮೇಲೆ ಆ ಅಂಚು ಕಾಣುವುದಿಲ್ಲ.

ಈಗ ಲೆಕ್ಕ. ಗೆರೆಯಿಂದ ನೀರು 8 ಸೆಂ.ಮೀ. ಏರಿತ್ತು. ನೀಲಿಯ ಮಧ್ಯಭಾಗ 7.6 ಸೆಂ.ಮೀ.ನಲ್ಲಿ, ಹಳದಿಯದು 6 ಸೆಂ.ಮೀ.ನಲ್ಲಿ. ಬಣ್ಣ ಏರಿದ ದೂರವನ್ನು ನೀರು ಏರಿದ ದೂರದಿಂದ ಭಾಗಿಸಿದರೆ ಸಿಗುವುದೇ Rf. ನೀಲಿಗೆ 0.95, ಹಳದಿಗೆ 0.75. ಹಳದಿ ಪೇಪರ್‌ಗೆ ಜಾಸ್ತಿ ಅಂಟಿಕೊಳ್ಳುತ್ತದೆ, ಅದಕ್ಕೇ ಹಿಂದೆ ಬಿತ್ತು. ನೀಲಿ ಹೆಚ್ಚುಕಡಿಮೆ ನೀರಿನ ಜೊತೆಗೇ ಓಡಿತು.

ನಡುವಿನ ಹಸಿರಿಗೆ ಬರೋಣ. ನನ್ನ ಚುಕ್ಕೆ ಹೆಸರುಕಾಳಿಗಿಂತ ದೊಡ್ಡದಾಗಿತ್ತು. ಬಣ್ಣ ಜಾಸ್ತಿಯಾದರೆ ಪಟ್ಟಿಗಳು ಉದ್ದಕ್ಕೆ ಎಳೆದುಕೊಂಡು ಒಂದರ ಮೇಲೊಂದು ಬೀಳುತ್ತವೆ. ಹಳದಿ ಮೇಲೆ ನೀಲಿ ಬಿದ್ದರೆ ಹಸಿರೇ ಕಾಣಬೇಕು ಅಲ್ವಾ? ಎರಡನೇ ಸಲ ಸಾಸಿವೆ ಗಾತ್ರದ ಚುಕ್ಕೆ ಇಟ್ಟೆ. ಹಸಿರು ಮಾಯವಾಯಿತು, ನಡುವೆ ಬಿಳಿ ಪೇಪರ್ ಕಂಡಿತು. ಅದು ನಿಜವಾಗಿಯೂ ಬೇರೆ ಬಣ್ಣವಾಗಿದ್ದರೆ, ಚುಕ್ಕೆ ಚಿಕ್ಕದಾದರೂ ತನ್ನದೇ ಜಾಗದಲ್ಲಿ ತೆಳುವಾಗಿಯಾದರೂ ನಿಲ್ಲುತ್ತಿತ್ತು.

ಸೀಸೆಯ ಲೇಬಲ್‌ನಲ್ಲಿ 102, 133 ಎಂಬ ನಂಬರ್ ಇದ್ದವು. 102 ಅಂದರೆ ಟಾರ್ಟ್ರಜಿನ್ ಎಂಬ ಹಳದಿ, 133 ಅಂದರೆ ಬ್ರಿಲಿಯಂಟ್ ಬ್ಲೂ. ಹೊಂದಿತು. ಆದರೆ ನನ್ನ 0.75 ನೋಡಿ "ಇದು ಟಾರ್ಟ್ರಜಿನ್" ಎಂದು ಹೇಳಲು ಬರುವುದಿಲ್ಲ. ಪೇಪರ್, ಉಪ್ಪಿನ ಪ್ರಮಾಣ, ತಾಪಮಾನ ಬದಲಾದರೆ ಆ ಅಂಕಿಯೂ ಸರಿಯುತ್ತದೆ. ಹಾಗಾಗಿ 102 ಮಾತ್ರ ಇರುವ ಹಳದಿ ಕಲರ್‌ನ ಚುಕ್ಕೆಯನ್ನು ಅದೇ ಪೇಪರ್ ಮೇಲೆ, ಪಕ್ಕದಲ್ಲೇ ಇಡಿ. ಎರಡು ಹಳದಿ ಬೇರೆಬೇರೆ ಎತ್ತರದಲ್ಲಿ ನಿಂತರೆ ಅವು ಒಂದೇ ಅಲ್ಲ. ಒಂದೇ ಎತ್ತರದಲ್ಲಿ ನಿಂತರೆ ಒಂದೇ ಇರಬಹುದು, ಅಷ್ಟೇ. ಉಪ್ಪುನೀರಿನ ಬದಲು ಇನ್ನೊಂದು ದ್ರಾವಕದಲ್ಲೂ ಜೊತೆಯಾಗಿಯೇ ಏರಿದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.