ಕುಶಿಂಗ್ ಸಿಂಡ್ರೋಮ್: ಮೈಯಲ್ಲಿ ಕಾರ್ಟಿಸೋಲ್ ಹೆಚ್ಚಿದ ಗುರುತು, ವರದಿಯಲ್ಲಿ ಕಾರ್ಟಿಸೋಲ್ ಕಡಿಮೆ

ಒಂದು ಮಾದರಿ ಪ್ರಕರಣದಿಂದ ಶುರು ಮಾಡೋಣ. ಕಲಿಕೆಗೆಂದು ಕಟ್ಟಿದ್ದು, ಆದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಯಾವ ಒಪಿಯಲ್ಲೂ ಎದುರಾಗಬಹುದಾದದ್ದು.

52 ವರ್ಷದ ಹೆಂಗಸು, ಅಡಿಕೆ ಸುಲಿಯುವ ಕೆಲಸ. ಮೊಣಕಾಲು ನೋವು ಹಳೆಯದು. ಈಗ ಬಂದದ್ದು ಬೇರೆ ಕಾರಣಕ್ಕೆ. ಆರು ತಿಂಗಳಿಂದ ಮುಖ ದುಂಡಗಾಗಿ ಕೆಂಪೇರಿದೆ, ಹೊಟ್ಟೆ ಮುಂದೆ ಬಂದಿದೆ, ಕೈಕಾಲು ಮಾತ್ರ ಸೊರಗಿವೆ. ಮಣೆಯಿಂದ ಏಳಬೇಕಾದರೆ ನೆಲಕ್ಕೆ ಕೈ ಊರಬೇಕು. ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು. ಮುಂಗೈಯಲ್ಲಿ ಅಲ್ಲಲ್ಲಿ ನೀಲಿ ಕಲೆ. ಎಲ್ಲಿ ತಾಗಿತೆಂದು ಅವರಿಗೇ ಗೊತ್ತಿಲ್ಲ. ರಕ್ತದಲ್ಲಿ ಸಕ್ಕರೆ ಹೊಸದಾಗಿ ಏರಿದೆ.

ಇದು ಕುಶಿಂಗ್, ಅಂದರೆ ಕಾರ್ಟಿಸೋಲ್ ಎಂಬ ಸ್ಟಿರಾಯ್ಡ್ ಹಾರ್ಮೋನಿನ ಪ್ರಭಾವ ಅತಿಯಾದ ಸ್ಥಿತಿ ಎಂದು ನೋಡಿದವರಿಗೆಲ್ಲ ಅನಿಸುತ್ತದೆ. ಬೆಳಗ್ಗೆ 8 ಗಂಟೆಯ ರಕ್ತ ಕಳಿಸಿದರೆ ಕಾರ್ಟಿಸೋಲ್ ಡೆಸಿಲೀಟರಿಗೆ 1.1 ಮೈಕ್ರೋಗ್ರಾಂ ಎಂದು ವರದಿ. ಆ ಹೊತ್ತಿಗೆ ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರುತ್ತದೆ. ಕಾರ್ಟಿಸೋಲ್ ಮಾಡಿಸುವ ಹಾರ್ಮೋನ್ ಎಸಿಟಿಎಚ್ ಅಂತೂ ಅಳತೆಗೇ ಸಿಗದಷ್ಟು ಕಡಿಮೆ. ಇಲ್ಲಿ ಬಹಳ ಮಂದಿ ತಪ್ಪುವುದು ಹೀಗೆ: ಕಾರ್ಟಿಸೋಲ್ ಕಡಿಮೆ ಇದೆ, ಹಾಗಾದರೆ ಕುಶಿಂಗ್ ಅಲ್ಲ ಎಂದು ಫೈಲು ಮುಚ್ಚುತ್ತಾರೆ. ನಿಜಕ್ಕೂ ಆ ಎರಡು ಸಂಖ್ಯೆಗಳೇ ಕಾರಣವನ್ನು ಹೇಳುತ್ತಿವೆ.

ಅದು ಅರ್ಥವಾಗಲು ಗ್ರಂಥಿಗಳ ಸರಪಳಿ ಸ್ವಲ್ಪ ನೆನಪಿರಬೇಕು. ಮೆದುಳಿನ ಹೈಪೊಥಲಾಮಸ್ ಸಿಆರ್‌ಎಚ್ ಕಳಿಸುತ್ತದೆ. ಅದನ್ನು ಕೇಳಿ ಪಿಟ್ಯುಟರಿ ಎಸಿಟಿಎಚ್ ಬಿಡುತ್ತದೆ. ಎಸಿಟಿಎಚ್ ಬಂದರೆ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ತಯಾರಿಸುತ್ತದೆ. ರಕ್ತದಲ್ಲಿ ಕಾರ್ಟಿಸೋಲ್ ಸಾಕಷ್ಟಾದರೆ ಮೇಲಿನ ಇಬ್ಬರೂ ಸುಮ್ಮನಾಗುತ್ತಾರೆ. ಮೇಲಿನವರಿಗೆ ತಿಳಿಯುವುದು ಸ್ಟಿರಾಯ್ಡ್ ಸಾಕಷ್ಟಿದೆ ಎನ್ನುವುದು ಮಾತ್ರ. ಅದು ಅಡ್ರಿನಲ್‌ನಿಂದ ಬಂತೋ ಮಾತ್ರೆಯಿಂದ ಬಂತೋ ಅವರಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಪ್ರತಿ ಕಾರಣದಲ್ಲೂ ಕೇಳಬೇಕಾದ ಪ್ರಶ್ನೆ, ಯಾರು ಮಲಗಿದ್ದಾರೆ, ಅಂದರೆ ಯಾವ ಗ್ರಂಥಿ ಕೆಲಸ ನಿಲ್ಲಿಸಿದೆ ಎನ್ನುವುದು.

ಪಿಟ್ಯುಟರಿಯಲ್ಲಿ ಗಡ್ಡೆ ಇದ್ದರೆ ಯಾರೂ ಮಲಗಿಲ್ಲ. ಗಡ್ಡೆ ಎಸಿಟಿಎಚ್ ಸುರಿಯುತ್ತದೆ, ಎರಡೂ ಅಡ್ರಿನಲ್‌ಗಳು ದಪ್ಪಗಾಗಿ ಕಾರ್ಟಿಸೋಲ್ ಸುರಿಯುತ್ತವೆ. ಕಾರ್ಟಿಸೋಲ್ ಹೆಚ್ಚು, ಎಸಿಟಿಎಚ್ ಸ್ವಲ್ಪ ಹೆಚ್ಚು ಅಥವಾ ಸಹಜ ಮಟ್ಟದಲ್ಲೇ. ಸಹಜ ಎಂದು ಬಂದರೆ ಮೋಸಹೋಗಬೇಡಿ: ಕಾರ್ಟಿಸೋಲ್ ಅಷ್ಟು ಏರಿರುವಾಗ ಎಸಿಟಿಎಚ್ ತಳ ಹಿಡಿಯಬೇಕಿತ್ತು, ಹಿಡಿದಿಲ್ಲ ಎಂಬುದೇ ರೋಗ. ಹಾರ್ವಿ ಕುಶಿಂಗ್ 1932ರಲ್ಲಿ ಈ ಲಕ್ಷಣಗಳನ್ನು ಜೋಡಿಸಿದ್ದು ಪಿಟ್ಯುಟರಿಯ ಇದೇ ಗಡ್ಡೆಗೆ. ಹಾಗಾಗಿ ‘ಕುಶಿಂಗ್ ಡಿಸೀಸ್’ ಎಂದರೆ ಪಿಟ್ಯುಟರಿಯದ್ದು ಮಾತ್ರ, ‘ಸಿಂಡ್ರೋಮ್’ ಎಂದರೆ ಎಲ್ಲ ಕಾರಣಗಳೂ ಸೇರಿ. ಗಡ್ಡೆ ಸಾಮಾನ್ಯವಾಗಿ 10 ಮಿಲಿಮೀಟರಿಗಿಂತ ಚಿಕ್ಕದು, ಎಷ್ಟೋ ಸಲ ಎಂಆರ್‌ಐಗೂ ಸಿಗುವುದಿಲ್ಲ. ತಲೆನೋವು, ದೃಷ್ಟಿ ಕುಗ್ಗುವುದು ಇಲ್ಲ ಎಂಬ ಕಾರಣಕ್ಕೆ ಪಿಟ್ಯುಟರಿಯನ್ನು ಪಟ್ಟಿಯಿಂದ ತೆಗೆಯಬಾರದು. ಶ್ವಾಸಕೋಶದ ಕೆಲವು ಗಡ್ಡೆಗಳೂ ಎಸಿಟಿಎಚ್ ಬಿಡುತ್ತವೆ. ಅಲ್ಲಿ ಮೈ ಕಪ್ಪಾಗುವುದು, ಪೊಟ್ಯಾಸಿಯಂ ಇಳಿಯುವುದು ಎದ್ದು ಕಾಣುತ್ತದೆ.

ಅಡ್ರಿನಲ್‌ನಲ್ಲೇ ಗಡ್ಡೆ ಇದ್ದರೆ ಅದು ಯಾರನ್ನೂ ಕೇಳದೆ ಕಾರ್ಟಿಸೋಲ್ ಮಾಡುತ್ತದೆ. ಪಿಟ್ಯುಟರಿ ಮಲಗುತ್ತದೆ, ಅದರ ಜೊತೆಗೆ ಎದುರು ಬದಿಯ ಒಳ್ಳೆಯ ಅಡ್ರಿನಲ್ಲೂ ಮಲಗಿ ಸಣ್ಣಗಾಗುತ್ತದೆ. ಕಾರ್ಟಿಸೋಲ್ ಹೆಚ್ಚು, ಎಸಿಟಿಎಚ್ ತಳದಲ್ಲಿ. ಗಂಡಸಿನಂತೆ ಗಡ್ಡಮೀಸೆ, ಧ್ವನಿ ಒಡೆಯುವುದು ಕೆಲವೇ ತಿಂಗಳಲ್ಲಿ ಶುರುವಾದರೆ ಅಡ್ರಿನಲ್ ಕ್ಯಾನ್ಸರನ್ನು ಮೊದಲು ಯೋಚಿಸಬೇಕು.

ಇನ್ನು ಸ್ಟಿರಾಯ್ಡ್ ಮಾತ್ರೆ. ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ ಕಾರಣ. ಪುಸ್ತಕಗಳಲ್ಲಿ ಗಡ್ಡೆಗೆ ಹತ್ತು ಪುಟ, ಮಾತ್ರೆಗೆ ಎರಡು ಸಾಲು ಇರುತ್ತದೆ. ಅದು ಉಲ್ಟಾ ಆಗಬೇಕಿತ್ತು. ಇಲ್ಲಿ ಪಿಟ್ಯುಟರಿಯೂ ಮಲಗಿದೆ, ಎರಡೂ ಅಡ್ರಿನಲ್‌ಗಳೂ ಮಲಗಿವೆ. ಮೈಯಲ್ಲಿ ಸ್ಟಿರಾಯ್ಡ್ ಧಾರಾಳವಾಗಿದೆ, ಆದರೆ ನಮ್ಮ ಪ್ರಕರಣದಲ್ಲಿ ಅದು ಡೆಕ್ಸಾಮೆಥಾಸೋನ್ ಎಂಬ ಮಾತ್ರೆಯದ್ದು. ಪ್ರಯೋಗಾಲಯ ಅಳೆಯುವುದು ಕಾರ್ಟಿಸೋಲನ್ನು. ಹಾಗಾಗಿ ಮೈ ತುಂಬ ಕುಶಿಂಗ್, ವರದಿಯಲ್ಲಿ 1.1.

ಒಂದು ಹಳ್ಳ ಇಲ್ಲಿದೆ. ಮಾತ್ರೆ ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ಆಗಿದ್ದರೆ ಹಲವು ಕಾರ್ಟಿಸೋಲ್ ಪರೀಕ್ಷೆಗಳು ಅದನ್ನೂ ಕಾರ್ಟಿಸೋಲ್ ಎಂದೇ ಎಣಿಸುತ್ತವೆ. ಆಗ ಕಾರ್ಟಿಸೋಲ್ ಹೆಚ್ಚು, ಎಸಿಟಿಎಚ್ ಕಡಿಮೆ ಎಂದು ಬಂದು, ಅಡ್ರಿನಲ್ ಗಡ್ಡೆಯ ಹಾಗೆಯೇ ಕಾಣುತ್ತದೆ. ಸಿ.ಟಿ. ಮಾಡಿಸಿ ಬರಿಗೈಯಲ್ಲಿ ಬರುವ ಮೊದಲು ಮಾತ್ರೆಯ ಚೀಟಿ ನೋಡುವುದು ಅಗ್ಗ.

ಆ ಚೀಟಿ ಸುಲಭಕ್ಕೆ ಸಿಗುವುದಿಲ್ಲ ಎನ್ನುವುದು ಬೇರೆ ಮಾತು. “ಸ್ಟಿರಾಯ್ಡ್ ತಗೊಳ್ತೀರಾ?” ಎಂದು ಕೇಳಿದರೆ ಇಲ್ಲ ಎಂದೇ ಉತ್ತರ, ಏಕೆಂದರೆ ಆ ಹೆಸರು ಅವರಿಗೆ ಗೊತ್ತಿಲ್ಲ. ನಮ್ಮ ಕಡೆ ಹೀಗೆ ಕೇಳಿದರೆ ಬಾಯಿ ಬಿಡುತ್ತಾರೆ: “ಅಕ್ಕಾ, ಗಂಟುನೋವಿಗೆ ಎಂತ ಮದ್ದು ಮಾಡ್ತಾ ಇದ್ದೀರಿ?” “ಮದ್ದು ಎಂತದೂ ಇಲ್ಲ. ನೋವು ಜೋರಾದರೆ ಮೆಡಿಕಲ್‌ನಿಂದ ಒಂದು ಸಣ್ಣ ಬಿಳಿ ಮಾತ್ರೆ. ಬೆಳಗ್ಗೆ ಒಂದು, ರಾತ್ರಿ ಒಂದು. ಅದು ತಿಂದರೆ ಹಸಿವೂ ಆಗ್ತದೆ, ಕೆಲಸವೂ ಆಗ್ತದೆ.” ಹಸಿವಿನ ಮಾತು ಬಂತೆಂದರೆ ಕಿವಿ ನಿಮಿರಬೇಕು. ಮುಂದಿನ ಭೇಟಿಗೆ ಮನೆಯಲ್ಲಿರುವ ಮಾತ್ರೆ, ಪುಡಿ, ಲೇಹ್ಯ, ಮುಲಾಮು, ಇನ್‌ಹೇಲರ್ ಎಲ್ಲವನ್ನೂ ಒಂದು ಚೀಲದಲ್ಲಿ ತರಲು ಹೇಳಿ. ಮಂಡಿಗೆ ಹಾಕಿಸಿದ ಇಂಜೆಕ್ಷನ್, ಮುಖದ ಬಣ್ಣಕ್ಕೆಂದು ಹಚ್ಚುವ ಕ್ಲೊಬೆಟಾಸೋಲ್ ಮುಲಾಮನ್ನು ಬೇರೆಯಾಗಿ ಕೇಳಬೇಕು. ಇವನ್ನು ಯಾರೂ ಮದ್ದು ಎಂದು ಲೆಕ್ಕ ಹಿಡಿಯುವುದಿಲ್ಲ.

ನಮ್ಮ ಪ್ರಕರಣದಲ್ಲಿ ಚೀಲದಿಂದ ಹೊರಬಂದದ್ದು 0.5 ಮಿಲಿಗ್ರಾಂನ ಡೆಕ್ಸಾಮೆಥಾಸೋನ್, ದಿನಕ್ಕೆ ಎರಡು, ಹದಿನಾಲ್ಕು ತಿಂಗಳಿಂದ. ಒಂದು ಮಿಲಿಗ್ರಾಂ ಎಷ್ಟೆಂದು ತೋರುತ್ತದೆ? ಡೆಕ್ಸಾಮೆಥಾಸೋನ್ 0.75 ಮಿಲಿಗ್ರಾಂ ಎಂದರೆ ಪ್ರೆಡ್ನಿಸೋಲೋನ್ 5, ಹೈಡ್ರೊಕಾರ್ಟಿಸೋನ್ 20 ಮಿಲಿಗ್ರಾಂಗೆ ಸಮ. ಹಾಗಾದರೆ ಇವರ ದಿನದ ಪಾಲು ಹೈಡ್ರೊಕಾರ್ಟಿಸೋನ್ ಲೆಕ್ಕದಲ್ಲಿ ಸುಮಾರು 27. ಅಡ್ರಿನಲ್ ಇಲ್ಲದವರಿಗೆ ದಿನವಿಡೀ ಕೊಡುವುದೇ 15ರಿಂದ 25. ಇನ್ನೊಂದು ಹೋಲಿಕೆ ನೋಡಿ: ಕುಶಿಂಗ್ ಪತ್ತೆಗೆ ರಾತ್ರಿ 11ಕ್ಕೆ ಕೊಟ್ಟು, ಬೆಳಗ್ಗೆ ಕಾರ್ಟಿಸೋಲ್ 1.8ಕ್ಕಿಂತ ಕೆಳಗಿಳಿಯಿತೇ ಎಂದು ನೋಡುವ ಪರೀಕ್ಷೆಯಲ್ಲಿ ಬಳಸುವುದು ಇದೇ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್. ಆ ಪರೀಕ್ಷೆಯನ್ನು ಇವರು ಹದಿನಾಲ್ಕು ತಿಂಗಳು ದಿನಾ ಮಾಡಿಕೊಂಡಿದ್ದಾರೆ.

ಈಗ ಮೈಯ ಗುರುತುಗಳು. ದುಂಡು ಮುಖ, ಬೊಜ್ಜು, ಬಿಪಿ, ಸಕ್ಕರೆ, ಕತ್ತಿನ ಹಿಂದಿನ ಕೊಬ್ಬು ಎಲ್ಲ ಕುಶಿಂಗ್‌ನಲ್ಲಿ ಉಂಟು, ಆದರೆ ಬರೀ ದಪ್ಪಗಿರುವವರಲ್ಲೂ ಉಂಟು. ನಿಜವಾಗಿ ಬೇರ್ಪಡಿಸಿ ತೋರಿಸುವುದು ಪ್ರೋಟೀನ್ ಕರಗಿದ ಗುರುತುಗಳು. ಕಾರ್ಟಿಸೋಲ್ ಹೆಚ್ಚಾದರೆ ಸ್ನಾಯು, ಚರ್ಮ, ಮೂಳೆಯ ಪ್ರೋಟೀನ್ ಒಡೆದು ಸಕ್ಕರೆಯಾಗುತ್ತದೆ.

ಸ್ನಾಯು ಕರಗುವುದು ತೊಡೆ, ಸೊಂಟ, ಭುಜಗಳಲ್ಲಿ ಮೊದಲು. ಕುಕ್ಕರುಗಾಲಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ ಏಳಲು ಹೇಳಿ. ಮಂಡಿನೋವು ಇದ್ದವರನ್ನು ಕುರ್ಚಿಯಿಂದ ಏಳಿಸಿ. ಏಳದಿದ್ದರೆ ನೋವಿನಿಂದಲೋ ಬಲವಿಲ್ಲದೆಯೋ ಎಂದು ಕೇಳಿ, ಎರಡೂ ಒಂದೇ ಅಲ್ಲ. ರಕ್ತದಲ್ಲಿ ಸ್ನಾಯುವಿನ ಕಿಣ್ವ ಸಿ.ಕೆ. ಸಹಜವಾಗಿರುತ್ತದೆ, ಅದು ಇಲ್ಲಿ ನೆರವಾಗದು.

ಚರ್ಮದಲ್ಲಿ ಕೊಲಾಜೆನ್ ಕಡಿಮೆಯಾಗಿ ಅಂಗೈ ಹಿಂಬದಿಯ ತೊಗಲು ಚಿವುಟಿದರೆ ತೆಳು ಕಾಗದದಂತೆ ಮಡಚುತ್ತದೆ. ಹೊಟ್ಟೆ, ತೊಡೆಯ ಮೇಲಿನ ಬರೆಗಳ ಬಣ್ಣವೂ ಅದರಿಂದಲೇ: ಚರ್ಮ ಹರಿದಲ್ಲಿ ಅಡಿಯ ರಕ್ತನಾಳಗಳು ನೇರಳೆಯಾಗಿ ಕಾಣುತ್ತವೆ. ಬಸುರಿಯ ಬರೆ ಕ್ರಮೇಣ ಬೆಳ್ಳಗಾಗಿ ಸಪೂರವಾಗುತ್ತದೆ. ಕುಶಿಂಗ್‌ನ ಬರೆ ಒಂದು ಸೆಂಟಿಮೀಟರಿಗಿಂತ ಅಗಲ. ಕಪ್ಪು ಮೈಯಲ್ಲಿ ಬಣ್ಣ ಮೋಸ ಮಾಡುತ್ತದೆ, ಆದ್ದರಿಂದ ಸ್ಕೇಲಿಟ್ಟು ಅಗಲ ಅಳೆಯಿರಿ. ಮಕ್ಕಳಲ್ಲಿ ಬೇರೆಯೇ ಗುರುತು: ತೂಕ ಏರುತ್ತದೆ, ಎತ್ತರ ನಿಲ್ಲುತ್ತದೆ. ಬರೀ ತಿಂದು ದಪ್ಪಗಾದ ಮಗು ಎತ್ತರವೂ ಬೆಳೆಯುತ್ತಿರುತ್ತದೆ.

ಮಾತ್ರೆಯ ಕುಶಿಂಗ್‌ಗೆ ತನ್ನದೇ ಚಹರೆ ಇದೆ. ಅಡ್ರಿನಲ್ ಮಲಗಿದ್ದರಿಂದ ಗಂಡು ಹಾರ್ಮೋನ್ ಬರುವುದಿಲ್ಲ, ಹಾಗಾಗಿ ಮುಖದ ಮೇಲೆ ಒರಟು ಕೂದಲು ಅಷ್ಟಾಗಿ ಇರದು. ಬದಲಿಗೆ ಕಣ್ಣಿನ ಪೊರೆ, ಕಣ್ಣೊತ್ತಡ, ತೊಡೆಮೂಳೆಯ ತಲೆ ಸಾಯುವುದು ಹೆಚ್ಚು. ಮಂಡಿನೋವಿಗೆ ಮಾತ್ರೆ ತಿಂದವರಿಗೆ ಈಗ ತೊಡೆಸಂದಿಯಲ್ಲಿ ನೋವೆಂದರೆ ಅದನ್ನು ಹಳೆಯ ವಾತದ ಲೆಕ್ಕಕ್ಕೆ ಹಾಕಬೇಡಿ.

ಕಾರಣ ಸಿಕ್ಕಿದ ಗಳಿಗೆಯೇ ಅತಿ ಅಪಾಯದ್ದು. “ಇವತ್ತಿನಿಂದ ನಿಲ್ಲಿಸಿ” ಎಂದರೆ ಹೊರಗಿನದ್ದು ಹೋಯಿತು, ಒಳಗಿನದ್ದು ಎದ್ದಿಲ್ಲ. ಕೆಲವೇ ದಿನದಲ್ಲಿ ಸುಸ್ತು, ವಾಂತಿ, ಎದ್ದರೆ ತಲೆ ಸುತ್ತು, ಸಕ್ಕರೆ ಇಳಿಯುವುದು. ಸೋಡಿಯಂ ಇಳಿಯಬಹುದು, ಪೊಟ್ಯಾಸಿಯಂ ಮಾತ್ರ ಏರುವುದಿಲ್ಲ, ಏಕೆಂದರೆ ಪೊಟ್ಯಾಸಿಯಂ ಹೊರಹಾಕಿಸುವ ಆಲ್ಡೊಸ್ಟೆರೋನ್ ಹಾರ್ಮೋನ್ ನಡೆಯುವುದು ಎಸಿಟಿಎಚ್ ಮಾತಿನಂತಲ್ಲ. ಪೊಟ್ಯಾಸಿಯಂ ಸರಿ ಇದೆ ಎಂದು ಅಡ್ರಿನಲ್ ಕ್ರೈಸಿಸನ್ನು ತಳ್ಳಿಹಾಕುವ ತಪ್ಪು ಇಲ್ಲೇ ಆಗುವುದು.

ಆದ್ದರಿಂದ ವೈದ್ಯರು ದೀರ್ಘಕಾಲ ಉಳಿಯುವ ಡೆಕ್ಸಾಮೆಥಾಸೋನನ್ನು ತೆಗೆದು, ಬೇಗ ಇಳಿಯುವ ಹೈಡ್ರೊಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್‌ಗೆ ಬದಲಿಸಿ, ದೇಹಕ್ಕೆ ಬೇಕಾದ ಮಟ್ಟಕ್ಕೆ ತರುತ್ತಾರೆ. ಬೆಳಗಿನ ಪಾಲು ಮಾತ್ರ ಉಳಿದರೆ ರಾತ್ರಿ ಕಳೆಯುವಷ್ಟರಲ್ಲಿ ಪಿಟ್ಯುಟರಿಗೆ ಕೊರತೆ ತಟ್ಟಿ ಅದು ಕಣ್ಣು ಬಿಡುತ್ತದೆ. ಹಿಂದಿನ ದಿನದ ಬಳಿಕ ಮಾತ್ರೆ ತಿನ್ನದೆ ಬೆಳಗ್ಗೆ ತೆಗೆದ ರಕ್ತದಲ್ಲಿ ಕಾರ್ಟಿಸೋಲ್ 10 ದಾಟಿದರೆ ನಿಲ್ಲಿಸಬಹುದು. 5ಕ್ಕಿಂತ ಕೆಳಗಿದ್ದರೆ ಮುಂದುವರಿಸಿ ಕೆಲವು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ನಡುವೆ ಇದ್ದರೆ ಕೆಲವೇ ವಾರಗಳಲ್ಲಿ ಮತ್ತೆ ಅಳೆಯುತ್ತಾರೆ. ವರ್ಷ ಹಿಡಿದದ್ದೂ ಉಂಟು. ಆ ನಡುವೆ ಜ್ವರ ಬಂದರೆ ಪಾಲನ್ನು ಇಮ್ಮಡಿ ಮಾಡಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಬೇಕು. ಇದನ್ನು ಕಾಗದದಲ್ಲಿ ಬರೆದುಕೊಡಿ. ಕಾಸರಗೋಡಿನಲ್ಲಿ ಮಲಯಾಳದ ಚೀಟಿ ಓದಲಾಗದ ಮನೆಗಳಿವೆ, ಅಲ್ಲಿಗೆ ಕನ್ನಡದಲ್ಲೇ ಬರೆಯಿರಿ.

ಅಡ್ರಿನಲ್ ಗಡ್ಡೆ ತೆಗೆದ ರೋಗಿಗೂ ಇದೇ ಕಾಗದ ಬೇಕಾಗುತ್ತದೆ. ಗಡ್ಡೆ ಹೋದ ದಿನ ಅವರಲ್ಲಿ ಉಳಿಯುವುದು ಎದುರು ಬದಿಯ ಆ ಮಲಗಿದ ಗ್ರಂಥಿ ಒಂದೇ.